ಬೆಕ್ಕಿನ ಬಟ್ಟಲು ಸದಾ ತುಂಬಿರಬೇಕಾ, ಹೊತ್ತು ಹೊತ್ತಿಗೆ ಹಾಕಬೇಕಾ? ದಿನದ ಕ್ಯಾಲೊರಿ ಲೆಕ್ಕದ ಸಮೇತ ಸಮಗ್ರ ಮಾರ್ಗದರ್ಶಿ

ಬಹಳಷ್ಟು ಮನೆಗಳಲ್ಲಿ ಬೆಕ್ಕಿಗೆ ಊಟ ಹಾಕುವುದು ಎಂದರೆ ಬಟ್ಟಲಿನ ತಳ ಕಂಡಾಗ ಮತ್ತೊಂದು ಹಿಡಿ ಡ್ರೈ ಫುಡ್ ಸುರಿಯುವುದು. ಇದಕ್ಕೆ ಫ್ರೀ ಫೀಡಿಂಗ್ ಅಂತಾರೆ. ಇನ್ನು ಕೆಲವರು ದಿನಕ್ಕೆ ಎರಡೋ ಮೂರೋ ಹೊತ್ತು ಗೊತ್ತು ಮಾಡಿಕೊಂಡು, ತಿಂದಾದ ಮೇಲೆ ಬಟ್ಟಲು ಎತ್ತಿಬಿಡುತ್ತಾರೆ. ಎರಡರಲ್ಲಿ ಯಾವುದು ಒಳ್ಳೆಯದು ಎಂಬ ಜಗಳ ಹಳೆಯದು. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆಯದೇ ಪ್ರಶ್ನೆ: ನಿಮ್ಮ ಬೆಕ್ಕು ನಿನ್ನೆ ಎಷ್ಟು ಗ್ರಾಂ ತಿಂದಿತು? ಇದಕ್ಕೆ ಉತ್ತರ ಗೊತ್ತಿದ್ದರೆ ಯಾವ ಪದ್ಧತಿಯೂ ನಡೆದೀತು. ಗೊತ್ತಿಲ್ಲದಿದ್ದರೆ ಎರಡೂ ಕೈಕೊಡುತ್ತವೆ.

ಈ ಬರಹ ಒಂದು ವರ್ಷ ದಾಟಿದ, ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ. ಮರಿ, ಗಬ್ಬದ ಬೆಕ್ಕು, ಹಾಲೂಡಿಸುವ ತಾಯಿ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವ ಬೆಕ್ಕು, ಇವುಗಳ ಲೆಕ್ಕವೇ ಬೇರೆ. ಅದನ್ನು ಪಶುವೈದ್ಯರ ಜೊತೆ ಕೂತು ಮಾಡಬೇಕು.

## ಸದಾ ತುಂಬಿದ ಬಟ್ಟಲು ಯಾರಿಗೆ ಸರಿಹೋಗುತ್ತದೆ

ಬೆಕ್ಕಿನ ಸ್ವಭಾವ ನೋಡಿದರೆ ಫ್ರೀ ಫೀಡಿಂಗ್ ತಪ್ಪೇನೂ ಅನಿಸುವುದಿಲ್ಲ. ಬೇಟೆಯಾಡಿ ಬದುಕುವ ಬೆಕ್ಕು ದಿನಕ್ಕೆ ಹತ್ತಾರು ಸಲ ಚೂರುಚೂರೇ ತಿನ್ನುತ್ತದೆ. ಒಂದು ಚಿಕ್ಕ ಇಲಿಯಿಂದ ಸಿಗುವುದು ಸುಮಾರು 30 ಕ್ಯಾಲೊರಿ. ಅದಕ್ಕೇ ಮನೆಬೆಕ್ಕು ಕೂಡ ಬಿಟ್ಟರೆ ಹೀಗೆ ಸ್ವಲ್ಪ ಸ್ವಲ್ಪ ಮೇಯುತ್ತಾ ಇರುತ್ತದೆ. ಆದರೆ ಆ ಇಲಿಗಾಗಿ ಅದು ಕಾದು, ಹೊಂಚಿ, ಓಡಿ, ಅನೇಕ ಸಲ ಸೋತಿರುತ್ತದೆ. ಬಟ್ಟಲಿನ ಡ್ರೈ ಫುಡ್ ಓಡಿಹೋಗುವುದಿಲ್ಲ. ಅದರಲ್ಲಿ ನೀರಿನಂಶ ಕಡಿಮೆ, ಕ್ಯಾಲೊರಿ ಗಟ್ಟಿಯಾಗಿ ತುಂಬಿರುತ್ತದೆ.

ಇದರ ಮೇಲೆ ಆಪರೇಷನ್ ವಿಷಯ ಬೇರೆ. ಸಂತಾನಹರಣ ಮಾಡಿಸಿದ ಬೆಕ್ಕಿಗೆ ಬೇಕಾಗುವ ಶಕ್ತಿ ಸುಮಾರು ಕಾಲು ಭಾಗದಷ್ಟು ಇಳಿಯಬಹುದು. ಹಸಿವು ಮಾತ್ರ ಏರುತ್ತದೆ. ಮನೆಯೊಳಗೇ ಇರುವ, ಆಪರೇಷನ್ ಆದ ಬೆಕ್ಕು ತುಂಬಿದ ಬಟ್ಟಲಿನ ಮುಂದೆ ದಪ್ಪಗಾಗುವುದಕ್ಕೆ ಇಷ್ಟೇ ಸಾಕು.

ಹಾಗಂತ ಎಲ್ಲವೂ ದಪ್ಪಗಾಗುವುದಿಲ್ಲ. ಬೇಕಾದಷ್ಟೇ ತಿಂದು ಎದ್ದುಹೋಗುವ ಬೆಕ್ಕುಗಳೂ ಇವೆ. ಮನೆಯಲ್ಲಿ ಒಂದೇ ಬೆಕ್ಕು ಇದ್ದು, ಅದರ ತೂಕ ವರ್ಷದಿಂದ ಏರದೆ ಇಳಿಯದೆ ನಿಂತಿದ್ದು, ಪಕ್ಕೆಲುಬು ಸುಲಭವಾಗಿ ಕೈಗೆ ಸಿಗುತ್ತಿದ್ದರೆ ಫ್ರೀ ಫೀಡಿಂಗ್ ಬದಲಿಸುವ ತುರ್ತು ಏನಿಲ್ಲ. ಒಂದೇ ಮಾತು. ದಿನದ ಪಾಲನ್ನು ಬೆಳಿಗ್ಗೆ ಒಂದೇ ಸಲ ತೂಗಿ ಹಾಕಿ. ಅದು ಸಂಜೆಗೇ ಮುಗಿದರೂ ನಾಳೆಯವರೆಗೆ ಮತ್ತೆ ತುಂಬಬೇಡಿ. ಬಟ್ಟಲು ತೆರೆದೇ ಇರುತ್ತದೆ, ಲೆಕ್ಕವೂ ಇರುತ್ತದೆ.

ಹೊತ್ತಿಗೆ ಹಾಕುವುದರಲ್ಲಿ ನನಗೆ ದೊಡ್ಡ ಲಾಭ ಅನಿಸುವುದು ತೂಕದ್ದಲ್ಲ, ಕಾಯಿಲೆಯ ಸುಳಿವಿನದು. ಬೆಕ್ಕು ತನ್ನ ನೋವನ್ನು ಚೆನ್ನಾಗಿ ಬಚ್ಚಿಡುತ್ತದೆ. ಎಷ್ಟೋ ಕಾಯಿಲೆಗಳ ಮೊದಲ ಲಕ್ಷಣ ಊಟ ಬಿಡುವುದು. ಹೊತ್ತಿಗೆ ಹಾಕುವ ಮನೆಯಲ್ಲಿ ಅದು ಮೊದಲ ಹೊತ್ತಿಗೇ ಗೊತ್ತಾಗುತ್ತದೆ. ಸದಾ ತುಂಬಿರುವ ಬಟ್ಟಲಿನ ಮನೆಯಲ್ಲಿ, ಅದರಲ್ಲೂ ಎರಡು ಮೂರು ಬೆಕ್ಕು ಇದ್ದರೆ, ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ವೆಟ್ ಫುಡ್ ಹಾಕುವವರಿಗಂತೂ ಬೇರೆ ದಾರಿಯೇ ಇಲ್ಲ. ಅದನ್ನು ತಾಸುಗಟ್ಟಲೆ ಇಟ್ಟರೆ ಕೆಡುತ್ತದೆ, ಬಿಸಿಲ ದಿನಗಳಲ್ಲಿ ಇನ್ನೂ ಬೇಗ.

ದಿನಕ್ಕೆ ಎಷ್ಟು ಹೊತ್ತು? ಎರಡು ಹೊತ್ತು ಹೆಚ್ಚಿನ ಬೆಕ್ಕುಗಳಿಗೆ ಸಾಕು, ಮೂರಾದರೆ ಒಳ್ಳೆಯದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ದಿನಕ್ಕೆ ಒಂದೇ ದೊಡ್ಡ ಊಟ ಮಾಡಿದ ಬೆಕ್ಕುಗಳಲ್ಲಿ ಹೊಟ್ಟೆ ತುಂಬಿದ ಸೂಚನೆ ಕೊಡುವ ಹಾರ್ಮೋನುಗಳು ಹೆಚ್ಚು ಕಂಡವು. ನಾಲ್ಕು ಸಲ ತಿಂದವು ಜಾಸ್ತಿ ಓಡಾಡಿದವು. ಅದರಲ್ಲಿದ್ದದ್ದು ಬರೀ ಎಂಟು ಬೆಕ್ಕು, ಹಾಗಾಗಿ ಅದನ್ನೇ ವೇದವಾಕ್ಯ ಮಾಡಿಕೊಳ್ಳುವುದು ಬೇಡ. ಆದರೆ ಹೊತ್ತುಗಳ ಸಂಖ್ಯೆ ಕಡಿಮೆಯಾದರೆ ಬೆಕ್ಕು ಹಸಿದು ಸಾಯುತ್ತದೆ ಎಂಬ ಭಯವೂ ಬೇಡ.

## ಹಂತ 1: ಏನನ್ನೂ ಬದಲಿಸದೆ ಒಂದು ವಾರ ಅಳೆಯಿರಿ

ಲೆಕ್ಕ ಶುರುವಾಗುವುದು ಸೂತ್ರದಿಂದ ಅಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಿಂದ. ಒಂದು ಗ್ರಾಂ ತೋರಿಸುವಂಥದ್ದು ಸಾಕು. ಕಪ್ಪಿನಲ್ಲಿ ಅಳೆಯುವುದನ್ನು ಬಿಟ್ಟುಬಿಡಿ. ಅದೇ ಕಪ್ಪು ಒಮ್ಮೆ ಒತ್ತಿ ತುಂಬುತ್ತದೆ, ಒಮ್ಮೆ ಸಡಿಲವಾಗಿ ತುಂಬುತ್ತದೆ. ಬೆಕ್ಕಿನಂಥ ಚಿಕ್ಕ ಪ್ರಾಣಿಗೆ ಈ ವ್ಯತ್ಯಾಸ ದೊಡ್ಡದು. ದಿನಕ್ಕೆ 240 ಕ್ಯಾಲೊರಿ ಸಾಕಾಗುವ ಬೆಕ್ಕಿಗೆ 5 ಗ್ರಾಂ ಡ್ರೈ ಫುಡ್ ಜಾಸ್ತಿ ಬಿದ್ದರೂ ಸುಮಾರು ಶೇಕಡಾ 8ರಷ್ಟು ಹೆಚ್ಚಾಯಿತು.

ಒಂದು ಡಬ್ಬಿಯಲ್ಲಿ 500 ಗ್ರಾಂ ತೂಗಿಟ್ಟುಕೊಳ್ಳಿ. ವಾರವಿಡೀ ಅದರಿಂದಲೇ, ಎಂದಿನ ಹಾಗೇ ಬಟ್ಟಲು ತುಂಬಿಸಿ. ಏಳನೇ ದಿನ ಡಬ್ಬಿಯಲ್ಲಿ ಮತ್ತು ಬಟ್ಟಲಲ್ಲಿ ಉಳಿದದ್ದನ್ನು ಒಟ್ಟಿಗೆ ತೂಗಿ, 500ರಿಂದ ಕಳೆದು, 7ರಿಂದ ಭಾಗಿಸಿ. ಡಬ್ಬಿ ನಡುವೆಯೇ ಮುಗಿದರೆ ಇನ್ನಷ್ಟು ತೂಗಿ ಸೇರಿಸಿ, ಅದನ್ನೂ ಬರೆದಿಡಿ. ಜೊತೆಗೆ ಕೊಟ್ಟ ಪ್ರತಿ ಟ್ರೀಟ್, ಪ್ರತಿ ಚಮಚ ಹಾಲು, ತಟ್ಟೆಯಿಂದ ಎಸೆದ ಪ್ರತಿ ಚೂರು ಗೋಡೆಯ ಮೇಲಿನ ಒಂದು ಚೀಟಿಯಲ್ಲಿ ಬರಲಿ. ಮನೆಯವರೆಲ್ಲ ಬರೆಯಬೇಕು. ಬೆಕ್ಕಿಗೆ ಕದ್ದು ತಿನ್ನಿಸುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ?

ಇದೇ ವಾರ ಬೆಕ್ಕನ್ನೂ ತೂಗಿ. ಮನುಷ್ಯರ ತಕ್ಕಡಿಯಲ್ಲಿ ಬೆಕ್ಕನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯುವ ವಿಧಾನ ಮೊದಲ ಅಂದಾಜಿಗೆ ನಡೆಯುತ್ತದೆ. ಆದರೆ ನಾವು ಮುಂದೆ ಹುಡುಕುವುದು ವಾರಕ್ಕೆ 30, 40 ಗ್ರಾಂ ವ್ಯತ್ಯಾಸ. ಅದು ಆ ತಕ್ಕಡಿಯ ಕಣ್ಣಿಗೆ ಬೀಳುವುದೇ ಇಲ್ಲ. ಎಳೆಮಕ್ಕಳನ್ನು ತೂಗುವ ತಕ್ಕಡಿ 10 ಗ್ರಾಂವರೆಗೆ ತೋರಿಸುವಂಥದ್ದು ಸಿಕ್ಕರೆ ತುಂಬಾ ಅನುಕೂಲ.

## ಹಂತ 2: ಬೆಕ್ಕಿನ ಸರಿಯಾದ ತೂಕ ಎಷ್ಟು ಅಂತ ಕೈಯಿಂದ ತಿಳಿಯಿರಿ

ಪಶುವೈದ್ಯರು ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 5 ಎಂದರೆ ಸರಿಯಾದ ಮೈಕಟ್ಟು. ನೀವೂ ನೋಡಬಹುದು. ಬೆಕ್ಕಿನ ಎರಡೂ ಪಕ್ಕಕ್ಕೆ ಬೆರಳು ಹರಡಿ ಹಗುರವಾಗಿ ಸವರಿ. ತೆಳುವಾದ ಪದರದ ಕೆಳಗೆ ಪಕ್ಕೆಲುಬು ಒಂದೊಂದಾಗಿ ಸಿಕ್ಕರೆ, ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ಸೊಂಟ ಒಳಗೆ ಸರಿದಿದ್ದರೆ 5ರ ಆಸುಪಾಸು. ಎಲುಬು ಹುಡುಕಲು ಒತ್ತಬೇಕಾದರೆ, ಸೊಂಟ ಕಾಣದಿದ್ದರೆ 7. ಒತ್ತಿದರೂ ಸಿಗದಿದ್ದರೆ 8 ಅಥವಾ 9.

ಹಿಂಗಾಲುಗಳ ನಡುವೆ ಜೋತಾಡುವ ಸಡಿಲ ಚರ್ಮದ ಚೀಲ ನೋಡಿ ದಪ್ಪ ಅಂದುಕೊಳ್ಳಬೇಡಿ. ಅದು ತೆಳ್ಳಗಿನ ಬೆಕ್ಕಿಗೂ ಇರುತ್ತದೆ. ಹಿಡಿದಾಗ ಖಾಲಿ ಚರ್ಮದಂತಿದ್ದರೆ ಸರಿ, ಗಟ್ಟಿಯಾಗಿ ತುಂಬಿಕೊಂಡಿದ್ದರೆ ಅದು ಕೊಬ್ಬು.

5ರಿಂದ ಮೇಲಿನ ಒಂದೊಂದು ಅಂಕಕ್ಕೂ ತೂಕ ಶೇಕಡಾ 10ರಿಂದ 15ರಷ್ಟು ಹೆಚ್ಚಿದೆ ಅಂತ ಅಂದಾಜು. ಉದಾಹರಣೆಗೆ ಒಂದು ಬೆಕ್ಕು ತೆಗೆದುಕೊಳ್ಳೋಣ. ಆಪರೇಷನ್ ಆಗಿದೆ, ವಯಸ್ಸು 5, ಮನೆಯೊಳಗೇ ಇರುತ್ತದೆ, ತೂಕ 5.4 ಕಿಲೊ, ಅಂಕ 7. ಎರಡು ಅಂಕ ಎಂದರೆ ಕನಿಷ್ಠ ಶೇಕಡಾ 20 ಹೆಚ್ಚು. 5.4 ಅನ್ನು 1.2ರಿಂದ ಭಾಗಿಸಿದರೆ 4.5 ಕಿಲೊ. ಇದು ಅದರ ಗುರಿಯ ತೂಕ. ಮುಂದಿನ ಲೆಕ್ಕವನ್ನೆಲ್ಲ ಇದೇ ಬೆಕ್ಕಿಗೆ ಮಾಡೋಣ.

## ಹಂತ 3: ಕ್ಯಾಲೊರಿ ಲೆಕ್ಕ

ಸುಮ್ನೆ ಮಲಗಿದ್ದರೂ ದೇಹಕ್ಕೆ ಒಂದಷ್ಟು ಶಕ್ತಿ ಬೇಕು. ಅದರ ಸೂತ್ರ ಇದು:

```
ವಿಶ್ರಾಂತಿಯ ಕ್ಯಾಲೊರಿ = 70 × (ತೂಕ ಕಿಲೊದಲ್ಲಿ)^0.75
```

0.75 ನೋಡಿ ಹೆದರಬೇಡಿ. ವರ್ಗಮೂಲದ ಗುಂಡಿ ಇರುವ ಸಾದಾ ಕ್ಯಾಲ್ಕುಲೇಟರ್ ಸಾಕು. ತೂಕವನ್ನು ಮೂರು ಸಲ ಗುಣಿಸಿ, ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 70ರಿಂದ ಗುಣಿಸಿ. ಗುರಿಯ ತೂಕ 4.5 ಇಟ್ಟುಕೊಂಡರೆ:

```
4.5 × 4.5 × 4.5 = 91.1
√91.1 = 9.55
√9.55 = 3.09
3.09 × 70 = 216
```

ಆಪರೇಷನ್ ಆದ, ತೂಕ ಸರಿಯಿರುವ ಬೆಕ್ಕಿಗೆ ಇದನ್ನು 1.2ರಿಂದ ಗುಣಿಸುತ್ತಾರೆ. ಆಪರೇಷನ್ ಆಗಿರದಿದ್ದರೆ 1.4. ದಪ್ಪಗಾಗುವ ಸ್ವಭಾವದ್ದಾದರೆ 1. ತೂಕ ಇಳಿಸಬೇಕಾದರೆ 0.8. ಅಂದರೆ ನಮ್ಮ ಬೆಕ್ಕು 4.5 ಕಿಲೊ ಇದ್ದಿದ್ದರೆ ದಿನಕ್ಕೆ ಸುಮಾರು 260 ಸಾಕಾಗುತ್ತಿತ್ತು, ಇಳಿಸಲು 173 ಅಂತ ಸೂತ್ರ ಹೇಳುತ್ತದೆ.

ಈ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಒಂದೇ ತೂಕದ ಎರಡು ಬೆಕ್ಕುಗಳ ಅಗತ್ಯ ಬಹಳ ಬೇರೆ ಇರಬಹುದು, ಕೆಲವೊಮ್ಮೆ ಸೂತ್ರಕ್ಕಿಂತ ಅರ್ಧದಷ್ಟು ಆಚೀಚೆ. ಅದಕ್ಕೇ ಹಂತ 1ರ ಅಳತೆ ಚಿನ್ನದಂಥದ್ದು. ನಮ್ಮ ಬೆಕ್ಕು ವಾರಕ್ಕೆ 448 ಗ್ರಾಂ ತಿಂದಿತು ಅಂತಿಟ್ಟುಕೊಳ್ಳಿ. ದಿನಕ್ಕೆ 64 ಗ್ರಾಂ. ಪೊಟ್ಟಣದ ಮೇಲೆ ಕಿಲೊಗೆ 3800 ಕಿಲೊಕ್ಯಾಲೊರಿ ಅಂತಿದೆ, ಅಂದರೆ ಗ್ರಾಂಗೆ 3.8. ನಾವು ಮಾತಿನಲ್ಲಿ ಕ್ಯಾಲೊರಿ ಅನ್ನುವುದು ಈ ಕಿಲೊಕ್ಯಾಲೊರಿಯನ್ನೇ. 64ನ್ನು 3.8ರಿಂದ ಗುಣಿಸಿದರೆ 243. ಟ್ರೀಟ್ ಬಿಸ್ಕೆಟ್ ದಿನಕ್ಕೆ ಹತ್ತು, ಒಂದೊಂದು 2 ಕ್ಯಾಲೊರಿ, ಒಟ್ಟು 20. ಎಲ್ಲ ಸೇರಿ 263.

ಈಗ ನೋಡಿ, 260 ಕ್ಯಾಲೊರಿ 4.5 ಕಿಲೊ ಬೆಕ್ಕಿಗೆ ಸಾಕು ಅಂತ ಸೂತ್ರ ಹೇಳುತ್ತಿತ್ತು. ಈ ಬೆಕ್ಕು ಅಷ್ಟರಲ್ಲೇ 5.4 ಕಿಲೊ ಉಳಿಸಿಕೊಂಡಿದೆ. ಸೂತ್ರ ನಂಬಿ 260 ಹಾಕಿದ್ದರೆ ಒಂದು ಗ್ರಾಂ ಕೂಡ ಇಳಿಯುತ್ತಿರಲಿಲ್ಲ. ತೂಕ ಸ್ಥಿರವಾಗಿದ್ದಾಗ ಅದು ನಿಜವಾಗಿ ತಿನ್ನುತ್ತಿರುವುದೇ ಅದರ ಅಗತ್ಯ. ಅಲ್ಲಿಂದ ಶೇಕಡಾ 20 ಇಳಿಸಿ ಶುರು ಮಾಡುವುದು ನ್ಯಾಯ. 263ರಲ್ಲಿ ಶೇಕಡಾ 20 ಕಳೆದರೆ 210. ಒಂದೇ ಸಲ 173ಕ್ಕೆ ಹಾರುವುದು ಬೇಡ. ಅಷ್ಟು ಕಡಿಮೆಗೆ ಇಳಿದರೆ ಮಾಮೂಲಿ ಆಹಾರದಲ್ಲಿ ಕ್ಯಾಲೊರಿ ಜೊತೆ ಪ್ರೋಟೀನು, ವಿಟಮಿನ್ ಕೂಡ ಕಡಿಮೆಯಾಗುತ್ತವೆ. ಅಲ್ಲಿಗೆ ಹೋಗಲೇಬೇಕಾದರೆ ತೂಕ ಇಳಿಸಲೆಂದೇ ತಯಾರಿಸಿದ ಆಹಾರ ಬೇಕು, ವೈದ್ಯರೂ ಬೇಕು.

ಪೊಟ್ಟಣದ ಮೇಲೆ ಕ್ಯಾಲೊರಿ ಬರೆದಿರದಿದ್ದರೆ ನಾವೇ ಅಂದಾಜು ಮಾಡಬಹುದು. ವೆಟ್ ಫುಡ್ ಪೌಚ್ ಒಂದರಲ್ಲಿ ಪ್ರೋಟೀನ್ 10, ಕೊಬ್ಬು 4.5, ನಾರು 0.5, ತೇವಾಂಶ 81, ಬೂದಿ 2 ಅಂತಿದೆ, ಎಲ್ಲ ಶೇಕಡಾವಾರು. 100ರಿಂದ ಇವನ್ನೆಲ್ಲ ಕಳೆದರೆ ಉಳಿಯುವ 2 ಕಾರ್ಬೋಹೈಡ್ರೇಟು. ಪ್ರೋಟೀನು ಮತ್ತು ಕಾರ್ಬೋಹೈಡ್ರೇಟಿಗೆ ಗ್ರಾಂಗೆ 3.5, ಕೊಬ್ಬಿಗೆ 8.5:

```
(10 × 3.5) + (4.5 × 8.5) + (2 × 3.5) = 80
```

100 ಗ್ರಾಂಗೆ 80 ಕ್ಯಾಲೊರಿ. 85 ಗ್ರಾಂ ಪೌಚಿಗೆ 68. ಬೂದಿಯ ಅಂಶ ಕೊಟ್ಟಿರದಿದ್ದರೆ ವೆಟ್ ಫುಡ್‌ಗೆ 2, ಡ್ರೈ ಫುಡ್‌ಗೆ 7 ಅಂತ ಹಾಕಿಕೊಳ್ಳಿ. ಪೊಟ್ಟಣದವರು ಪ್ರೋಟೀನು, ಕೊಬ್ಬು ‘ಕನಿಷ್ಠ ಇಷ್ಟು’ ಅಂತ ಬರೆದಿದ್ದರೆ ಒಳಗೆ ಸ್ವಲ್ಪ ಜಾಸ್ತಿಯೇ ಇರುತ್ತದೆ. ಆಗ ನಿಜವಾದ ಕ್ಯಾಲೊರಿ ನಿಮ್ಮ ಲೆಕ್ಕಕ್ಕಿಂತ ಚೂರು ಮೇಲಿರಬಹುದು.

## ಹಂತ 4: 210 ಕ್ಯಾಲೊರಿಯನ್ನು ಹೊತ್ತುಗಳಿಗೆ ಹಂಚುವುದು

ಟ್ರೀಟ್ ದಿನದ ಕ್ಯಾಲೊರಿಯಲ್ಲಿ ಶೇಕಡಾ 10 ಮೀರಬಾರದು. ಇಲ್ಲಿ ಐದು ಬಿಸ್ಕೆಟ್ ಇಟ್ಟುಕೊಳ್ಳೋಣ, 10 ಕ್ಯಾಲೊರಿ. ಒಂದು ಪೌಚ್ ವೆಟ್ ಫುಡ್ 68. ಉಳಿದ 132ನ್ನು 3.8ರಿಂದ ಭಾಗಿಸಿದರೆ ಸುಮಾರು 35 ಗ್ರಾಂ ಡ್ರೈ ಫುಡ್. ಬೆಳಿಗ್ಗೆ 15 ಗ್ರಾಂ ಡ್ರೈ, ಸಂಜೆ ಪೂರ್ತಿ ಪೌಚ್, ಮಲಗುವ ಮುಂಚೆ 20 ಗ್ರಾಂ ಡ್ರೈ.

ಪೌಚ್ ಯಾಕೆ ಸೇರಿಸಿದ್ದು ಅಂದರೆ, 85 ಗ್ರಾಂ ವೆಟ್ ಫುಡ್ ಕೊಡುವ ಕ್ಯಾಲೊರಿ ಬರೀ 18 ಗ್ರಾಂ ಡ್ರೈ ಫುಡ್‌ನಷ್ಟು. ತಟ್ಟೆ ತುಂಬಿದಂತೆ ಕಾಣುತ್ತದೆ, ಹೊಟ್ಟೆಯೂ ತುಂಬುತ್ತದೆ, ನೀರೂ ಒಳಗೆ ಹೋಗುತ್ತದೆ. ಡ್ರೈ ಫುಡ್ ಮಾತ್ರ ಹಾಕುವ ಮನೆಯಾದರೆ 200 ಕ್ಯಾಲೊರಿಗೆ 53 ಗ್ರಾಂ ಬರುತ್ತದೆ. ಅದನ್ನು ಮೂರಾಗಿ ಮಾಡಿ.

ದಿನದ ಪಾಲನ್ನೆಲ್ಲ ಬೆಳಿಗ್ಗೆಯೇ ತೂಗಿ ಒಂದು ಮುಚ್ಚಳದ ಡಬ್ಬಿಗೆ ಹಾಕಿಡಿ. ಮನೆಯಲ್ಲಿ ಯಾರೇ ಹಾಕಲಿ, ಅದರಿಂದಲೇ ಹಾಕಬೇಕು. ಡಬ್ಬಿ ಖಾಲಿ ಎಂದರೆ ಈ ದಿನ ಮುಗಿಯಿತು. ಟ್ರೀಟ್ ಬಿಸ್ಕೆಟ್ಟೂ ಅದರೊಳಗೇ ಇರಲಿ. ‘ನೀನು ಹಾಕಿದ್ಯಾ, ನಾನು ಹಾಕ್ಲಾ’ ಎಂಬ ಗೊಂದಲ ಅಲ್ಲಿಗೆ ನಿಲ್ಲುತ್ತದೆ.

## ಹಂತ 5: ತುಂಬಿದ ಬಟ್ಟಲಿನಿಂದ ಹೊತ್ತಿನ ಊಟಕ್ಕೆ

ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ದಿನ ಎಲ್ಲವನ್ನೂ ಬದಲಿಸಿ. ಸಮಯ, ಪ್ರಮಾಣ, ಆಹಾರ, ಮೂರನ್ನೂ ಬೇರೆ ಬೇರೆಯಾಗಿ ಬದಲಿಸಬೇಕು.

ಮೊದಲು ಸಮಯ. ಈಗ ತಿನ್ನುತ್ತಿರುವ 64 ಗ್ರಾಂ ಅಷ್ಟನ್ನೂ ನಾಲ್ಕು ಹೊತ್ತಾಗಿ ಹಾಕಿ. ಪ್ರತಿ ಸಲ ಬಟ್ಟಲು ಒಂದು ತಾಸು ಇರಲಿ, ಆಮೇಲೆ ಎತ್ತಿಬಿಡಿ. ಮೊದಲ ಎರಡು ದಿನ ಬೆಕ್ಕು ಕೆಲವು ಹೊತ್ತು ಬರೀ ಮೂಸಿ ಹೋಗಬಹುದು, ಯಾಕೆಂದರೆ ಬಟ್ಟಲು ಎಲ್ಲಿಗೂ ಹೋಗುವುದಿಲ್ಲ ಅಂತ ಅದು ನಂಬಿದೆ. ನಾಲ್ಕೈದು ದಿನದಲ್ಲಿ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತದೆ. ಆಮೇಲೆ ಒಂದು ತಾಸನ್ನು ಅರ್ಧ ತಾಸು ಮಾಡಿ, ನಾಲ್ಕು ಹೊತ್ತನ್ನು ಮೂರು ಮಾಡಿ. ಎರಡನೇ ವಾರ ಪ್ರಮಾಣ ಇಳಿಸುತ್ತಾ ಬನ್ನಿ: 64ರಿಂದ 60, ಆಮೇಲೆ 56, ಕೊನೆಗೆ 53. ವೆಟ್ ಫುಡ್ ಹೊಸದಾದರೆ ಅದನ್ನು ಮೂರನೇ ವಾರ ತನ್ನಿ. ಮೊದಲ ದಿನ ಒಂದು ಚಮಚದಿಂದ ಶುರುಮಾಡಿ, ಏಳೆಂಟು ದಿನದಲ್ಲಿ ಪೂರ್ತಿ ಪೌಚಿಗೆ ಏರಿಸಿ, ಅದೇ ಲೆಕ್ಕದಲ್ಲಿ ಡ್ರೈ ಫುಡ್ ಕಡಿಮೆ ಮಾಡುತ್ತಾ ಬನ್ನಿ.

ಒಂದು ವಿಷಯದಲ್ಲಿ ಹಟ ಬೇಡವೇ ಬೇಡ. ‘ಹಸಿವಾದರೆ ತಾನೇ ತಿನ್ನುತ್ತೆ’ ಎಂಬ ಮಾತು ಬೆಕ್ಕಿಗೆ ಅನ್ವಯಿಸುವುದಿಲ್ಲ. ದಪ್ಪ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಳ್ಳುತ್ತದೆ. ಇದು ಪ್ರಾಣಕ್ಕೇ ಕುತ್ತು ತರುವ ಕಾಯಿಲೆ. ಹೊಸ ಪದ್ಧತಿಯಲ್ಲಿ ಬೆಕ್ಕು ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೆ ಹಳೆಯ ಆಹಾರವನ್ನು ಹಳೆಯ ಹಾಗೇ ಇಡಿ. ಅದನ್ನೂ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಕಣ್ಣು, ವಸಡು ಹಳದಿ ಕಂಡರೆ ಕಾಯುವ ಮಾತೇ ಇಲ್ಲ.

ನಸುಕಿನಲ್ಲಿ ಬಂದು ಮುಖದ ಮೇಲೆ ಕೈ ಇಟ್ಟು ಎಬ್ಬಿಸುವುದು ಇನ್ನೊಂದು ಕಾಟ. ಎದ್ದ ಕೂಡಲೇ ಹಾಕಿದರೆ, ಎಬ್ಬಿಸಿದರೆ ಊಟ ಸಿಗುತ್ತದೆ ಅಂತ ಕಲಿಯುತ್ತದೆ. ಎದ್ದು ನಿಮ್ಮ ಕೆಲಸ ಒಂದಷ್ಟು ಮುಗಿಸಿ ಆಮೇಲೆ ಹಾಕಿ. ಅಥವಾ ಟೈಮರ್ ಇರುವ ಫೀಡರ್ ಇಟ್ಟುಬಿಡಿ. ಆಗ ಬೆಕ್ಕು ನಿಮ್ಮನ್ನು ಬಿಟ್ಟು ಅದರ ಮುಂದೆ ಕಾಯುತ್ತದೆ.

ಗಬಗಬ ನುಂಗಿ ಕೂಡಲೇ ಕಕ್ಕುವ ಬೆಕ್ಕಿಗೆ ಅಗಲವಾದ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ. ಉರುಳಿಸಿದರೆ ಒಂದೊಂದೇ ಕಾಳು ಬೀಳುವ ಪಜಲ್ ಫೀಡರ್ ಇನ್ನೂ ಒಳ್ಳೆಯದು. ಹಾಗೆ ಮಾಡಿಯೂ ವಾಂತಿ ನಿಲ್ಲದಿದ್ದರೆ ಅದು ಊಟದ ವೇಗದ ವಿಷಯವಲ್ಲ, ತೋರಿಸಿಬಿಡಿ.

ಎರಡು ಬೆಕ್ಕಿದ್ದರೆ ಬೇರೆ ಬೇರೆ ಕೋಣೆ, ಮುಚ್ಚಿದ ಬಾಗಿಲು, ಇಪ್ಪತ್ತು ನಿಮಿಷ. ಬಾಗಿಲು ಮುಚ್ಚಲು ಆಗದ ಮನೆಯಲ್ಲಿ ಬೆಕ್ಕಿನ ಮೈಕ್ರೊಚಿಪ್ ಗುರುತಿಸಿ ಮುಚ್ಚಳ ತೆರೆಯುವ ಫೀಡರ್ ಕೆಲಸಕ್ಕೆ ಬರುತ್ತದೆ.

## ಹಂತ 6: ಪ್ರತಿ ವಾರ ತೂಗಿ, ಎರಡು ವಾರಕ್ಕೊಮ್ಮೆ ತೀರ್ಮಾನ

ಒಂದೇ ದಿನ, ಒಂದೇ ಹೊತ್ತು, ಊಟಕ್ಕೆ ಮುಂಚೆ ತೂಗಿ. ವಾರಕ್ಕೆ ಮೈತೂಕದ ಶೇಕಡಾ ಅರ್ಧದಿಂದ 1ರಷ್ಟು ಇಳಿದರೆ ಸರಿಯಾದ ವೇಗ. 5.4 ಕಿಲೊ ಬೆಕ್ಕಿಗೆ ಅದು 27ರಿಂದ 54 ಗ್ರಾಂ. ಒಂದು ವಾರದ ಅಂಕಿ ನೋಡಿ ಏನನ್ನೂ ಬದಲಿಸಬೇಡಿ, ಹೊಟ್ಟೆಯಲ್ಲಿರುವ ಮಲಮೂತ್ರದಿಂದಲೇ ಅಷ್ಟು ವ್ಯತ್ಯಾಸ ಬರುತ್ತದೆ. ಎರಡು ವಾರದ್ದನ್ನು ಸೇರಿಸಿ ನೋಡಿ.

ನಮ್ಮ ಬೆಕ್ಕು ಎರಡು ವಾರದಲ್ಲಿ 5.40ರಿಂದ 5.34ಕ್ಕೆ ಬಂದರೆ ವಾರಕ್ಕೆ 30 ಗ್ರಾಂ. ಚೆನ್ನಾಗಿದೆ, ಹಾಗೇ ಮುಂದುವರಿಸಿ. ಶೇಕಡಾ 2 ಮೀರಿ ಇಳಿಯುತ್ತಿದ್ದರೆ ಶೇಕಡಾ 10 ಜಾಸ್ತಿ ಹಾಕಿ. ತಿಂದೂ ತಿಂದೂ ಹೀಗೆ ಇಳಿಯುತ್ತಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಬೇಕು.

ಒಂದಷ್ಟು ದಿನಕ್ಕೆ ತೂಕ ಅಲ್ಲಾಡದೆ ನಿಲ್ಲುತ್ತದೆ. ಕೂಡಲೇ ಪ್ರಮಾಣ ಕಡಿಮೆ ಮಾಡಬೇಡಿ, ಮೊದಲು ಸೋರಿಕೆ ಹುಡುಕಿ. ಪಕ್ಕದ ಮನೆಯ ಬಟ್ಟಲು, ನಾಯಿಯ ಬಟ್ಟಲು, ಅಜ್ಜಿ ಕೊಡುವ ಹಾಲು. 30 ಮಿಲಿ ಗಟ್ಟಿ ಹಾಲು ಎಂದರೆ ಸುಮಾರು 20 ಕ್ಯಾಲೊರಿ, ಹತ್ತು ಟ್ರೀಟ್ ಬಿಸ್ಕೆಟ್ಟಿಗೆ ಸಮ. ಆಹಾರದ ಪೊಟ್ಟಣ ಬದಲಾಗಿದೆಯಾ ಅಂತಲೂ ನೋಡಿ. ಗ್ರಾಂಗೆ 3.8 ಇದ್ದದ್ದು 4.1 ಆಗಿದ್ದರೆ ಅದೇ 53 ಗ್ರಾಂ 16 ಕ್ಯಾಲೊರಿ ಜಾಸ್ತಿ ಕೊಡುತ್ತದೆ. ಸೋರಿಕೆ ಏನೂ ಸಿಗದಿದ್ದರೆ ಮಾತ್ರ 210ರಿಂದ 200ಕ್ಕೆ ಇಳಿಸಿ, ಮತ್ತೆ ಎರಡು ವಾರ ನೋಡಿ.

ಈ ವೇಗದಲ್ಲಿ 900 ಗ್ರಾಂ ಇಳಿಯಲು ಆರೇಳು ತಿಂಗಳು ಹಿಡಿಯಬಹುದು. 4.5 ಮುಟ್ಟಿದ ಮೇಲೆ ಎರಡು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಏರಿಸುತ್ತಾ ಹೋಗಿ. ತೂಕ ಇಳಿಯುವುದು ನಿಂತು ಸ್ಥಿರವಾದ ಕಡೆ ನಿಲ್ಲಿಸಿ. ಅದು ಸೂತ್ರದ 260 ಆಗಿರುವುದು ಅಪರೂಪ. ಇಂಥ ಬೆಕ್ಕಿಗೆ 220, 230ರಲ್ಲೇ ನಿಂತರೂ ಆಶ್ಚರ್ಯವಿಲ್ಲ, ಯಾಕೆಂದರೆ ತೂಕ ಇಳಿದ ದೇಹ ಮೊದಲಿಗಿಂತ ಕಡಿಮೆಯಲ್ಲೇ ಬದುಕುತ್ತದೆ. ಆ ಸಂಖ್ಯೆ ಸಿಕ್ಕ ಮೇಲೆ ಬೇಕಿದ್ದರೆ ರಾತ್ರಿಯ ಪಾಲನ್ನು ಬಟ್ಟಲಲ್ಲಿ ಬೆಳಗಿನವರೆಗೆ ತೆರೆದೇ ಇಡಬಹುದು, ತೂಗಿ ಇಟ್ಟಿದ್ದರೆ ಸಾಕು. ತಿಂಗಳಿಗೊಮ್ಮೆ ತೂಗುವುದನ್ನು ಮಾತ್ರ ಬಿಡಬೇಡಿ. 100 ಗ್ರಾಂ ಏರಿದ ತಕ್ಷಣ ದಿನಕ್ಕೆ ಎರಡು ಮೂರು ಗ್ರಾಂ ಡ್ರೈ ಫುಡ್ ತೆಗೆದರೆ, ಆರೇಳು ತಿಂಗಳ ಕೆಲಸ ಮತ್ತೆ ಮಾಡಬೇಕಾಗುವುದಿಲ್ಲ.